ಹೇಗೋ ಸಂಭಾಳಿಸಿದ್ದನ್ನು ಬರೆದಿಡಿ: ದಿನಚರಿಯೊಳಗಿಂದ ಉದ್ಯಮದ ಐಡಿಯಾ ಹೆಕ್ಕುವ ಕ್ರಮ

ಹೊಸ ವ್ಯಾಪಾರದ ಐಡಿಯಾ ಹುಡುಕುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ, ‘ನಿಮಗೆ ಕಿರಿಕಿರಿ ಮಾಡುವ ಸಂಗತಿಗಳನ್ನು ಪಟ್ಟಿ ಮಾಡಿ’ ಎಂಬುದು. ಮಾಡಿ ನೋಡಿದರೆ ಆ ಪಟ್ಟಿಯಲ್ಲಿ ಟ್ರಾಫಿಕ್, ಕರೆಂಟು, ರಸ್ತೆಗುಂಡಿ, ಫೋನಿಗೆ ಬರುವ ಸಾಲದ ಕರೆಗಳು ತುಂಬಿಕೊಳ್ಳುತ್ತವೆ. ಊರಿನ ಯಾರು ಬರೆದರೂ ಹೆಚ್ಚುಕಡಿಮೆ ಅದೇ ಪಟ್ಟಿ. ದೂರುವುದಕ್ಕೆ ಖರ್ಚಿಲ್ಲ, ಹಾಗಾಗಿ ದೂರಿನಿಂದ ಯಾರು ಎಷ್ಟು ದುಡ್ಡು ಕೊಟ್ಟಾರು ಎಂಬುದು ತಿಳಿಯುವುದಿಲ್ಲ.

ನಾನು ಹುಡುಕಲು ಹೇಳುವುದು ಬೇರೆಯದನ್ನು. ಒಂದು ತೊಂದರೆಗೆ ನಾವು ಆಗಲೇ ಏನೋ ಒಂದು ದಾರಿ ಮಾಡಿಕೊಂಡು, ಆಮೇಲೆ ಅದು ತೊಂದರೆಯೆಂಬುದನ್ನೇ ಮರೆತಿರುತ್ತೇವಲ್ಲ, ಆ ಜಾಗ. ಅಲ್ಲಿ ಸಮಯವೋ ಹಣವೋ ಮತ್ತೊಬ್ಬರ ಹಂಗೋ ಆಗಲೇ ಖರ್ಚಾಗುತ್ತಿರುತ್ತದೆ, ಖರ್ಚಾದದ್ದನ್ನು ಅಳೆಯಲೂ ಬಹುದು.

ದೋಸೆ ಹಿಟ್ಟು ಮಾರುವ ಬೆಂಗಳೂರಿನ ಐಡಿ ಫ್ರೆಶ್ ಕಂಪನಿ ಹುಟ್ಟಿದ್ದು ಇಂಥ ಜಾಗದಲ್ಲಿ. 2005ರಲ್ಲಿ ಅದನ್ನು ಕಟ್ಟಿದ ಪಿ.ಸಿ. ಮುಸ್ತಫಾ ಅವರ ಸೋದರಸಂಬಂಧಿಗಳು ಅಂಗಡಿಯಲ್ಲಿ ಗಮನಿಸಿದ್ದು ಇಷ್ಟೇ: ಪ್ಲಾಸ್ಟಿಕ್ ಚೀಲಕ್ಕೆ ರಬ್ಬರ್‌ಬ್ಯಾಂಡ್ ಸುತ್ತಿದ ದೋಸೆ ಹಿಟ್ಟು ಮಾರಾಟವಾಗುತ್ತಿದೆ, ಅದರ ಗುಣಮಟ್ಟದ ಬಗ್ಗೆ ದೂರಿದೆ, ಆದರೂ ಜನ ಕೊಳ್ಳುತ್ತಿದ್ದಾರೆ. ರುಬ್ಬುವುದು ಕಷ್ಟ ಎಂದು ಊರೆಲ್ಲ ಹೇಳುತ್ತಿತ್ತು, ಅದರಲ್ಲಿ ಹೊಸದೇನೂ ಇರಲಿಲ್ಲ. ಇಷ್ಟವಿಲ್ಲದಿದ್ದರೂ ದುಡ್ಡು ಕೊಟ್ಟು ಒಯ್ಯುತ್ತಾರೆ ಎಂಬ ಕಡೆಗೆ ಕಣ್ಣು ಹೋದದ್ದೇ ಅವರ ಹೆಚ್ಚುಗಾರಿಕೆ. ಅಷ್ಟಾದರೂ ದಿನಕ್ಕೆ 100 ಪ್ಯಾಕೆಟ್ ಮಾರಾಟ ಮುಟ್ಟಲು ಅವರಿಗೆ ಒಂಬತ್ತು ತಿಂಗಳು ಹಿಡಿಯಿತು.

ಈ ಕ್ರಮವನ್ನು ನಿಮ್ಮ ಮನೆಯಲ್ಲೇ ಮಾಡಿ ನೋಡುವುದು ಹೇಗೆ ಎಂಬುದನ್ನು ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ಹೇಳುತ್ತೇನೆ. ಉದಾಹರಣೆಗೆ ಆಯ್ದುಕೊಂಡಿರುವುದು ವಯಸ್ಸಾದ ತಂದೆತಾಯಿಯ ದಿನನಿತ್ಯದ ಮಾತ್ರೆಗಳು. ಬಹಳ ಮನೆಗಳಲ್ಲಿ ಇರುವ ವಿಷಯ, ಆದರೆ ಯಾರ ದೂರಿನ ಪಟ್ಟಿಯಲ್ಲೂ ಕಾಣದ್ದು.

ಮೊದಲ ಹೆಜ್ಜೆ: ಎರಡು ವಾರದ ಪುಸ್ತಕ

ಜೇಬಿಗೆ ಹಿಡಿಯುವ ಒಂದು ಪುಟ್ಟ ನೋಟ್‌ಬುಕ್ ಸಾಕು. ಪುಟವನ್ನು ನಾಲ್ಕು ಕಾಲಂ ಮಾಡಿ. ಮೊದಲನೆಯದರಲ್ಲಿ ಹೊತ್ತು ಮತ್ತು ಜಾಗ. ಎರಡನೆಯದರಲ್ಲಿ ಆಗ ಆಗಬೇಕಾಗಿದ್ದ ಕೆಲಸ. ಮೂರನೆಯದರಲ್ಲಿ ಅದಕ್ಕೆ ನಿಜವಾಗಿ ಮಾಡಿದ್ದು. ನಾಲ್ಕನೆಯದರಲ್ಲಿ ಎಷ್ಟು ನಿಮಿಷ, ಎಷ್ಟು ರೂಪಾಯಿ, ಯಾರನ್ನು ಕೇಳಿಕೊಳ್ಳಬೇಕಾಯಿತು ಎಂಬುದು.

ಐದನೆಯ ಕಾಲಂ ಬೇಡ. ಅಂದರೆ ಪರಿಹಾರವನ್ನು ಬರೆಯಬೇಡಿ. ‘ಇದಕ್ಕೊಂದು ಆ್ಯಪ್ ಇದ್ದರೆ’ ಎಂದು ಬರೆದ ಕ್ಷಣದಿಂದ ನಿಮ್ಮ ಕಣ್ಣು ಆ ಆ್ಯಪಿಗೆ ಬೇಕಾದ ಸಾಕ್ಷಿಯನ್ನಷ್ಟೇ ಹುಡುಕುತ್ತದೆ, ಉಳಿದದ್ದು ಕಾಣುವುದಿಲ್ಲ. ಹೊಳೆದದ್ದು ಮರೆತೀತು ಎಂಬ ಭಯವಿದ್ದರೆ ಪುಸ್ತಕದ ಕೊನೆಯ ಪುಟದಲ್ಲಿ ಗೀಚಿಟ್ಟು ಮುಚ್ಚಿಬಿಡಿ.

ಎರಡು ವಾರ ಏಕೆಂದರೆ, ವಾರಕ್ಕೊಮ್ಮೆ ಬರುವ ಕೆಲಸಗಳು ಎರಡು ಸಲ ಸಿಕ್ಕಬೇಕು. ತಿಂಗಳಿಗೊಮ್ಮೆ ಬರುವವು ಇದರಲ್ಲಿ ತಪ್ಪಿಹೋಗಬಹುದು. ಅವನ್ನು ಹಿಡಿಯುವ ದಾರಿ ಮುಂದೆ ಬರುತ್ತದೆ.

ತೊಡಕು ಇರುವುದು ಬರೆಯುವುದರಲ್ಲಿ ಅಲ್ಲ, ಕಾಣುವುದರಲ್ಲಿ. ವರ್ಷಗಟ್ಟಲೆ ಹೊಂದಿಕೊಂಡದ್ದು ನಮ್ಮ ಕಣ್ಣಿಗೆ ಕೆಲಸವಾಗಿಯೇ ಕಾಣುವುದಿಲ್ಲ. ಅದನ್ನು ಕಣ್ಣಿಗೆ ಬೀಳಿಸಿಕೊಳ್ಳಲು ನನಗೆ ಗೊತ್ತಿರುವ ಮೂರು ಉಪಾಯಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು.

ಮೂರು ದಿನ ನೀವು ಊರಲ್ಲಿ ಇರುವುದಿಲ್ಲ, ಮನೆಯನ್ನು ಒಬ್ಬ ನೆಂಟರಿಗೆ ಒಪ್ಪಿಸಿ ಹೋಗುತ್ತಿದ್ದೀರಿ ಎಂದುಕೊಂಡು ಅವರಿಗೆ ಒಂದು ಚೀಟಿ ಬರೆಯಿರಿ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಬಾಗಿಲು ಹಾಕುವವರೆಗೆ ಏನೇನು ಮಾಡಬೇಕು ಎಂದು ಬಿಡದೆ ಬರೆಯಿರಿ. ಬರೆದು ಮುಗಿದ ಮೇಲೆ ‘ಆದರೆ’, ‘ಮಾತ್ರ’, ‘ಮರೆಯಬೇಡಿ’, ‘ಇಲ್ಲದಿದ್ದರೆ’ ಎಂಬ ಮಾತುಗಳ ಕೆಳಗೆ ಗೆರೆ ಎಳೆಯಿರಿ. ‘ನಲ್ಲಿ ನೀರು ಬೆಳಗ್ಗೆ ಆರಕ್ಕೆ ಬರುತ್ತದೆ, ಆದರೆ ಮೊದಲ ಐದು ನಿಮಿಷ ಹಿಡಿಯಬೇಡಿ.’ ‘ಅಪ್ಪನ ರಾತ್ರಿ ಮಾತ್ರೆ ನೀಲಿ ಡಬ್ಬಿಯಲ್ಲಿದೆ, ರಬ್ಬರ್‌ಬ್ಯಾಂಡ್ ಹಾಕಿರುವ ಸ್ಟ್ರಿಪ್ ಮಾತ್ರ ಕೊಡಿ, ಇನ್ನೊಂದು ಹಳೆಯದು.’ ಗೆರೆ ಬಿದ್ದ ಪ್ರತಿಯೊಂದು ವಾಕ್ಯವೂ ನೀವು ಮಾಡಿಕೊಂಡಿರುವ ಒಂದು ಹೊಂದಾಣಿಕೆ. ತಿಂಗಳಿಗೊಮ್ಮೆ ಬರುವ ಕೆಲಸಗಳನ್ನು ಹಿಡಿಯಬೇಕಾದರೆ ಇದೇ ಚೀಟಿಯನ್ನು ‘ಒಂದು ತಿಂಗಳು ಇರುವುದಿಲ್ಲ’ ಎಂದುಕೊಂಡು ಇನ್ನೊಮ್ಮೆ ಬರೆಯಿರಿ.

ಎರಡನೆಯದು ನಿಮ್ಮ ಫೋನು. ಅಲಾರಂಗಳ ಪಟ್ಟಿ ತೆರೆದರೆ, ಏಳುವುದಕ್ಕೆ ಇಟ್ಟದ್ದನ್ನು ಬಿಟ್ಟು ಉಳಿದವೆಲ್ಲ ಯಾವುದೋ ವ್ಯವಸ್ಥೆ ಮಾಡಬೇಕಿದ್ದ ಕೆಲಸವನ್ನು ನೀವು ನೆನಪಿಟ್ಟುಕೊಂಡು ಮಾಡುತ್ತಿರುವ ಗುರುತು. ಫೋಟೊಗಳಲ್ಲಿ ನೆನಪಿಗಾಗಿ ತೆಗೆಯದೆ ಇದ್ದವನ್ನು ನೋಡಿ: ಮೀಟರ್ ರೀಡಿಂಗ್, ಬಿಲ್ಲು, ಮಾತ್ರೆ ಸ್ಟ್ರಿಪ್ಪಿನ ಹಿಂಬದಿ. ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳುಹಿಸಿಕೊಂಡ ಸಂದೇಶಗಳೂ ಇದೇ ಜಾತಿ.

ಮೂರನೆಯದು ಮನೆಯ ಗೋಡೆ, ಫ್ರಿಜ್ಜಿನ ಬಾಗಿಲು, ಕ್ಯಾಲೆಂಡರು. ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಸುತ್ತು ಹಾಕಿದ ತಾರೀಖುಗಳಿಗೆ ಪ್ರತಿಯೊಂದಕ್ಕೂ ಒಂದು ಕತೆಯಿರುತ್ತದೆ.

ಎರಡನೆಯ ಹೆಜ್ಜೆ: ಪಟ್ಟಿಯಿಂದ ಒಂದನ್ನು ಎತ್ತುವುದು

ಎರಡು ವಾರಕ್ಕೆ ಪುಸ್ತಕದಲ್ಲಿ ಒಂದಷ್ಟು ಸಾಲುಗಳು ಸೇರುತ್ತವೆ. ಬಹುಪಾಲು ಸಾಲುಗಳಿಂದ ಏನೂ ಆಗುವುದಿಲ್ಲ. ನೀರಿನ ಸಮಯದಂಥವು ನಗರಸಭೆಯ ಕೆಲಸ, ನಿಮ್ಮ ಕೈಯಲ್ಲಿಲ್ಲ. ಕೆಲವು ನಿಮ್ಮೊಬ್ಬರ ಅಭ್ಯಾಸದಿಂದ ಆದವು. ಡಬ್ಬಿ ಬದಲಾಯಿಸಿದರೆ ಮುಗಿಯಿತು.

ಉಳಿದವುಗಳಲ್ಲಿ ನಾಲ್ಕನೆಯ ಕಾಲಂ ಭಾರವಾಗಿರುವ ಸಾಲನ್ನು ಎತ್ತಿಕೊಳ್ಳಿ. ನಾನು ರೂಪಾಯಿಗಿಂತ ‘ಯಾರನ್ನು ಕೇಳಿಕೊಳ್ಳಬೇಕಾಯಿತು’ ಎಂಬುದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ನಮ್ಮಲ್ಲಿ ಪಕ್ಕದ ಮನೆಯ ಹುಡುಗನನ್ನೋ ಅಂಗಡಿಯವರನ್ನೋ ಒಂದು ಸಲ ಕೇಳುವುದು ಸುಲಭ. ಪದೇ ಪದೇ ಕೇಳುವುದಕ್ಕೆ ಸಂಕೋಚ. ಆ ಸಂಕೋಚ ತಪ್ಪುತ್ತದೆಂದರೆ ಜನ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಾರೆ.

ಈಗ ಉದಾಹರಣೆಗೆ ಬರೋಣ. ತುಮಕೂರಿನಲ್ಲಿ ಒಂದು ಮನೆ ಎಂದುಕೊಳ್ಳಿ. ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು, ಅವರ ಹೆಂಡತಿ. ಮಗಳು ಬೆಂಗಳೂರಿನಲ್ಲಿ, ಮಗ ಅಮೆರಿಕದಲ್ಲಿ. ಪುಸ್ತಕ ಬರೆಯುತ್ತಿರುವುದು ಮಗಳು, ವಾರದ ಕೊನೆಗೆ ಊರಿಗೆ ಬರುವವಳು. ಅವಳ ಪುಸ್ತಕದಲ್ಲಿ ಮಾತ್ರೆಗೆ ಸೇರಿದ ಸಾಲುಗಳು ಇವು:

ಶನಿವಾರ ಬೆಳಗ್ಗೆ, ಮೆಡಿಕಲ್ ಶಾಪ್. ಅಪ್ಪನ ಸಕ್ಕರೆ ಕಾಯಿಲೆ ಮಾತ್ರೆ ಆರು ಸ್ಟ್ರಿಪ್ ಬೇಕಿತ್ತು. ಮೂರೇ ಇತ್ತು, ‘ಸೋಮವಾರ ಬನ್ನಿ’ ಎಂದರು. 25 ನಿಮಿಷ.

ಸೋಮವಾರ ಸಂಜೆ, ಬೆಂಗಳೂರಿನಿಂದ ಫೋನು. ಆ ಮೂರು ಸ್ಟ್ರಿಪ್ ತಂದರಾ ಎಂದು ಕೇಳಿದ್ದು. ಅಪ್ಪ ‘ತಂದಾಯ್ತು ಬಿಡಮ್ಮ’ ಎಂದರು. ತಂದಿರಲಿಲ್ಲ, ಅಮ್ಮ ಆಮೇಲೆ ಹೇಳಿದರು.

ಗುರುವಾರ, ರಕ್ತ ಹೆಪ್ಪುಗಟ್ಟದಿರುವ ಮಾತ್ರೆ ಎರಡೇ ಉಳಿದಿದೆ ಎಂದು ಅಮ್ಮನ ಫೋನು. ಎದುರುಮನೆಯವರಿಗೆ ಫೋನ್ ಮಾಡಿ ತರಿಸಿದ್ದು. ಹೋದ ತಿಂಗಳೂ ಅವರನ್ನೇ ಕೇಳಿದ್ದು.

ಭಾನುವಾರ, ಅಮೆರಿಕದಿಂದ ಅಣ್ಣನ ಕರೆ. ‘ಮಾತ್ರೆ ಎಲ್ಲ ಇದೆಯಾ’ ಎಂದು ಅವನು ನನ್ನನ್ನು ಕೇಳಿದ, ನಾನು ಅಮ್ಮನನ್ನು ಕೇಳಿದೆ.

ಮೂರನೆಯ ಹೆಜ್ಜೆ: ಕಾರಣದ ಬುಡಕ್ಕೆ ಹೋಗುವುದು

ಈ ಸಾಲುಗಳನ್ನು ಓದಿದವರಿಗೆ ಥಟ್ಟನೆ ಹೊಳೆಯುವುದು ಮನೆಗೆ ಔಷಧಿ ತಲುಪಿಸುವ ವ್ಯಾಪಾರ. ಆದರೆ ಅದು ಆಗಲೇ ಇದೆ. ಆನ್‌ಲೈನ್ ಔಷಧಿ ಕಂಪನಿಗಳು ತಲುಪಿಸುತ್ತವೆ, ಪರಿಚಯದ ಮೆಡಿಕಲ್ ಶಾಪಿನವರೂ ಹುಡುಗನ ಕೈಲಿ ಕಳುಹಿಸುತ್ತಾರೆ. ಅದೆಲ್ಲ ಇದ್ದೂ ಗುರುವಾರದ ಆ ಫೋನು ಏಕೆ ಬಂತು ಎಂಬುದು ಕೇಳಬೇಕಾದ ಪ್ರಶ್ನೆ.

ಉತ್ತರಕ್ಕೆ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಎಣಿಸಬೇಕು. ಅಪ್ಪನ ಬಿ.ಪಿ. ಮಾತ್ರೆ ದಿನಕ್ಕೊಂದು, ಸ್ಟ್ರಿಪ್ಪಿಗೆ 15. ಸಕ್ಕರೆ ಮಾತ್ರೆ ದಿನಕ್ಕೆರಡು, ಸ್ಟ್ರಿಪ್ಪಿಗೆ 10. ರಕ್ತದ ಮಾತ್ರೆ ದಿನಕ್ಕೊಂದು, ಸ್ಟ್ರಿಪ್ಪಿಗೆ 14. ತಿಂಗಳ ಮೊದಲ ದಿನ ಎಲ್ಲವನ್ನೂ ಒಂದು ತಿಂಗಳಿಗೆಂದು ತಂದರೆ ಬಿ.ಪಿ. ಮಾತ್ರೆ ಎರಡು ಸ್ಟ್ರಿಪ್ಪು, 30 ದಿನ ಬರುತ್ತದೆ. ಸಕ್ಕರೆಯದು ಆರು ಸ್ಟ್ರಿಪ್ಪು, ಅದೂ 30 ದಿನ. ರಕ್ತದ ಮಾತ್ರೆ ಎರಡು ಸ್ಟ್ರಿಪ್ಪು ತಂದರೆ 28 ದಿನ. ಮೊದಲ ತಿಂಗಳು ಎರಡು ದಿನದ ವ್ಯತ್ಯಾಸ, ಎರಡನೆಯ ತಿಂಗಳಿಗೆ ನಾಲ್ಕು, ಮೂರನೆಯದಕ್ಕೆ ಆರು. ನಡುವೆ ಅಂಗಡಿಯಲ್ಲಿ ಸ್ಟಾಕ್ ಇಲ್ಲದೆ ಮೂರೇ ಸ್ಟ್ರಿಪ್ ಸಿಕ್ಕರೆ ಸಕ್ಕರೆ ಮಾತ್ರೆ 15 ದಿನಕ್ಕೇ ಮುಗಿಯುತ್ತದೆ. ಡಾಕ್ಟರು ಡೋಸು ಬದಲಿಸಿದರೆ ಎಲ್ಲ ಲೆಕ್ಕವೂ ಮತ್ತೆ ಚೆದುರುತ್ತದೆ. ಈ ಮೂರು ಮಾತ್ರೆಗಳೂ ಒಂದೇ ದಿನ ಶುರುವಾದರೆ, ಪೂರ್ತಿ ಸ್ಟ್ರಿಪ್ಪುಗಳು ಮತ್ತೆ ಒಂದೇ ದಿನ ಮುಗಿಯಲು 210 ದಿನ ಬೇಕು.

ಆದ್ದರಿಂದ ಈ ಮನೆಯಲ್ಲಿ ಮಾತ್ರೆ ತರುವುದಕ್ಕೆ ಜನರಿಲ್ಲ ಎಂಬುದು ಮುಖ್ಯ ತೊಂದರೆಯಲ್ಲ. ಒಂದೊಂದು ಮಾತ್ರೆ ಒಂದೊಂದು ದಿನ ಮುಗಿಯುತ್ತದೆ, ಯಾವುದು ಯಾವಾಗ ಮುಗಿಯುತ್ತದೆಂದು ಯಾರೂ ಎಣಿಸುವುದಿಲ್ಲ. ದೂರದಲ್ಲಿರುವ ಮಕ್ಕಳಿಗಂತೂ ‘ಇದೆ ಬಿಡು’ ಎಂಬ ಉತ್ತರ ನಿಜವೋ ಅಲ್ಲವೋ ತಿಳಿಯುವ ದಾರಿಯೇ ಇಲ್ಲ. ತಲುಪಿಸುವವರು ಎಷ್ಟು ಜನ ಬಂದರೂ ಇದು ಉಳಿಯುತ್ತದೆ, ಏಕೆಂದರೆ ಆರ್ಡರ್ ಕೊಡಬೇಕೆಂದು ಮೊದಲು ಯಾರಿಗಾದರೂ ಗೊತ್ತಾಗಬೇಕಲ್ಲ.

ಇಲ್ಲಿ ಬೇಕಾದುದನ್ನು ಪರಿಹಾರದ ಹೆಸರು ಬರದಂತೆ ಒಂದೇ ವಾಕ್ಯದಲ್ಲಿ ಬರೆಯಿರಿ. ‘ಹಲವು ಬಗೆಯ ಮಾತ್ರೆ ನುಂಗುವ ಹಿರಿಯರ ಮನೆಯಲ್ಲಿ ಯಾವ ಮಾತ್ರೆಯೂ ನಡುವೆ ಮುಗಿಯಬಾರದು, ಮುಗಿಯುವುದಿಲ್ಲ ಎಂಬುದು ಬೇರೆ ಊರಿನಲ್ಲಿರುವ ಮಕ್ಕಳಿಗೆ ಕೇಳದೆಯೇ ಗೊತ್ತಾಗಬೇಕು.’ ಈ ವಾಕ್ಯದೊಳಗೆ ‘ಆ್ಯಪ್’, ‘ಡೆಲಿವರಿ’, ‘ಪ್ಲಾಟ್‌ಫಾರ್ಮ್’ ಎಂಬ ಯಾವ ಶಬ್ದ ಬಂದರೂ ಹೊಡೆದು ಮತ್ತೆ ಬರೆಯಿರಿ.

ಕಾರಣ ಹುಡುಕುವಾಗ ಕೌಂಟರಿನ ಆಚೆ ಬದಿಯವರನ್ನೂ ಕೇಳಲೇಬೇಕು. 2005ರ ದೀಪಾವಳಿಗೆ ಊರಿಗೆ ಹೋಗಲು ಬೆಂಗಳೂರಿನಲ್ಲಿ ಬಸ್ ಟಿಕೆಟ್ ಸಿಗದ ಫಣೀಂದ್ರ ಸಾಮ ಟ್ರಾವೆಲ್ ಏಜೆಂಟರನ್ನೂ ಬಸ್ಸಿನ ಮಾಲೀಕರನ್ನೂ ಮಾತಾಡಿಸಿದರು. ಏಜೆಂಟರು ತಮಗೆ ಗೊತ್ತಿದ್ದ ಕೆಲವು ಬಸ್ಸಿನವರಿಗೆ ಫೋನ್ ಮಾಡಿ ಸೀಟು ಕೇಳುತ್ತಿದ್ದರು; ಬೇರೆ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವರಿಗೆ ತಿಳಿಯುವಂತಿರಲಿಲ್ಲ. ಮರುವರ್ಷ ಅವರು ಗೆಳೆಯರೊಡನೆ ಶುರು ಮಾಡಿದ, ಆನ್‌ಲೈನಿನಲ್ಲಿ ಬಸ್ ಟಿಕೆಟ್ ಮಾರುವ ರೆಡ್‌ಬಸ್ ಹಿಡಿದದ್ದು ಈ ಕಾರಣವನ್ನು. ಮಾತ್ರೆಯ ವಿಷಯದಲ್ಲಿ ನೀವು ಕೇಳಬೇಕಾದದ್ದು ಮೆಡಿಕಲ್ ಶಾಪಿನವರನ್ನು: ಯಾವ ಮಾತ್ರೆಗಳು ಪದೇ ಪದೇ ಖಾಲಿಯಾಗುತ್ತವೆ, ಏಕೆ? ಎರಡು ದಿನ ಮೊದಲೇ ಹೇಳಿದರೆ ತರಿಸಿಡುತ್ತೀರಾ? ಸ್ಟ್ರಿಪ್ ಕತ್ತರಿಸಿ ಕೊಡುತ್ತೀರಾ? ಮೊದಲೇ ತಿಳಿದರೆ ತರಿಸಿಡುವುದು ಅವರಿಗೇ ಅನುಕೂಲ ಎಂದು ಅಂಗಡಿಯವರೇ ಹೇಳಿದರೆ ಸ್ಟಾಕಿನ ತೊಂದರೆ ಅರ್ಧ ಬಗೆಹರಿದಂತೆ.

ನಾಲ್ಕನೆಯ ಹೆಜ್ಜೆ: ಬೇರೆ ಮನೆಗಳಲ್ಲಿ ಕೇಳುವುದು

ಒಂದು ಮನೆಯ ಪುಸ್ತಕ ಒಂದೇ ಮನೆಯದು. ಹತ್ತು ಮನೆಗಳಲ್ಲಾದರೂ ಕೇಳಿ, ಅದರಲ್ಲಿ ನೆಂಟರು ಎರಡಕ್ಕಿಂತ ಹೆಚ್ಚಿರಬಾರದು. ‘ಇಂಥ ಸೇವೆ ಇದ್ದರೆ ತಗೋತೀರಾ?’ ಎಂದು ಕೇಳಿದರೆ ನಮ್ಮ ಜನ ದಾಕ್ಷಿಣ್ಯಕ್ಕೆ ‘ಒಳ್ಳೆ ಐಡಿಯಾ, ಮಾಡಿ ಮಾಡಿ’ ಎನ್ನುತ್ತಾರೆ. ಆ ಮಾತಿನ ಮೇಲೆ ಒಂದು ರೂಪಾಯಿಯನ್ನೂ ಹಾಕಬೇಡಿ. ನಿಮ್ಮ ಐಡಿಯಾ ಏನೆಂದು ಹೇಳಲೇಬೇಡಿ. ಆಗಿಹೋದದ್ದನ್ನು ಮಾತ್ರ ಕೇಳಿ:

‘ಅಮ್ಮ, ಹೋದ ತಿಂಗಳು ಮಾತ್ರೆ ತರೋಕೆ ಯಾರು ಹೋಗಿದ್ದರು?’

‘ಇವರೇ ಹೋಗ್ತಾರಪ್ಪ. ಮೊನ್ನೆ ಮಂಡಿ ನೋವು ಅಂತ ಮೊಮ್ಮಗನ್ನ ಕಳಿಸಿದ್ವಿ, ಅವನು ಬೇರೇದು ತಂದ.’

‘ಆಮೇಲೆ ಏನು ಮಾಡಿದ್ರಿ?’

‘ವಾಪಸ್ ಕೊಡೋಕೆ ಹೋಗಿದ್ದಾಯ್ತು. ಅಷ್ಟರಲ್ಲಿ ಒಂದು ದಿನ ಬಿಟ್ಟುಹೋಯ್ತು.’

‘ಮಾತ್ರೆ ಡಬ್ಬಿ ಒಂದ್ಸಲ ತೋರಿಸ್ತೀರಾ?’

ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಡಬ್ಬಿಯನ್ನು ತೋರಿಸಿದಾಗ ಮಾತಿನಲ್ಲಿ ಬಾರದ್ದು ಕಾಣುತ್ತದೆ: ಪೆನ್ನಿನಿಂದ ಬರೆದ ‘ಬೆ’, ‘ರಾ’, ಅವಧಿ ಮುಗಿದ ಅರ್ಧ ಸ್ಟ್ರಿಪ್ಪು, ಒಂದೇ ಔಷಧಿಯ ಎರಡು ಕಂಪನಿಯ ಮಾತ್ರೆ. ಎರಡನ್ನೂ ಬೇರೆ ಬೇರೆ ಮಾತ್ರೆಯೆಂದು ಅವರು ನುಂಗುತ್ತಿದ್ದರೆ ನಿಮ್ಮ ಪ್ರಶ್ನೆಗಳನ್ನು ಅಲ್ಲಿಗೇ ನಿಲ್ಲಿಸಿ, ಡಾಕ್ಟರನ್ನು ಕೇಳಲು ಹೇಳಿ. ನೀವಾಗಿ ಯಾವುದನ್ನೂ ಬಿಡಿಸಬೇಡಿ.

ಎಷ್ಟು ಜನ ತೊಂದರೆ ಇದೆ ಎಂದರು ಎಂಬುದನ್ನು ಎಣಿಸಬೇಡಿ. ಎಷ್ಟು ಮನೆಗಳಲ್ಲಿ ಏನಾದರೂ ಹೊಂದಾಣಿಕೆ ಕಣ್ಣಿಗೆ ಕಂಡಿತು ಎಂದು ಎಣಿಸಿ. ಹತ್ತರಲ್ಲಿ ಎರಡು ಮೂರು ಮನೆಗಳಲ್ಲಿ ಮಾತ್ರ ಕಂಡರೆ ಪುಸ್ತಕದ ಮುಂದಿನ ಸಾಲಿಗೆ ಹೋಗುವುದೇ ಸರಿ. ಆರೇಳು ಮನೆಗಳಲ್ಲಿ ಕಂಡರೆ ಮುಂದಿನ ಹೆಜ್ಜೆ ಇಡಬಹುದು. ಎಲ್ಲೆಲ್ಲಿ ಕಂಡಿತು ಎಂಬುದರಲ್ಲೂ ಮಾಹಿತಿಯಿದೆ. ಮಕ್ಕಳು ಜೊತೆಯಲ್ಲಿರುವ ಮನೆಯಲ್ಲಿ ಯಾರೋ ಒಬ್ಬರು ಈ ಕೆಲಸವನ್ನು ತಲೆಯಲ್ಲಿ ಹೊತ್ತಿರುತ್ತಾರೆ, ಅವರು ದುಡ್ಡು ಕೊಡುವುದು ಅನುಮಾನ. ಮಕ್ಕಳು ದೂರವಿರುವ ಮನೆಯಲ್ಲಿ ಮಾತ್ರೆ ಬೇಕಾದವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು. ಹಿರಿಯರು ‘ನಮಗೇನೂ ಬೇಡ, ಸುಮ್ಮನೆ ಖರ್ಚು’ ಎನ್ನುವುದು ಸಹಜ. ಆದ್ದರಿಂದ ಬೆಂಗಳೂರಿನ ಮಗಳನ್ನೂ ಅಮೆರಿಕದ ಮಗನನ್ನೂ ಬೇರೆಯಾಗಿ ಕೇಳಬೇಕು: ಹೋದ ಸಲ ಮಾತ್ರೆಯ ವಿಷಯಕ್ಕೆ ಯಾರಿಗೆ ಫೋನ್ ಮಾಡಿದಿರಿ?

ಐದನೆಯ ಹೆಜ್ಜೆ: ಕೈಯಿಂದಲೇ ಒಂದು ತಿಂಗಳು

ಏನನ್ನೂ ಕಟ್ಟಬೇಡಿ. ಐದು ಮನೆ ಹಿಡಿದು, ಕಾಗದ ಪೆನ್ನಿನಿಂದ ಒಂದು ತಿಂಗಳು ಕೆಲಸ ಮಾಡಿ. ಹಣ ಮುಂಗಡ ತೆಗೆದುಕೊಳ್ಳಿ. ಪುಕ್ಕಟೆ ಮಾಡಿದರೆ ನಿಮ್ಮ ಒಳ್ಳೆಯತನಕ್ಕೆ ಹೊಗಳಿಕೆ ಸಿಗುತ್ತದೆ, ಆ ಕೆಲಸಕ್ಕೆ ಬೆಲೆ ಇದೆಯೇ ಎಂಬುದು ತಿಳಿಯುವುದಿಲ್ಲ.

ಕೆಲಸ ಇಷ್ಟು. ತಿಂಗಳಿಗೊಂದು ನಿಗದಿಯಾದ ದಿನ ಆ ಮನೆಗೆ ಹೋಗಿ, ಡಾಕ್ಟರ ಚೀಟಿಯನ್ನು ಎದುರಿಗಿಟ್ಟುಕೊಂಡು, ಪ್ರತಿ ಮಾತ್ರೆಯೂ ಎಷ್ಟು ಉಳಿದಿದೆ ಎಂದು ಎಣಿಸುವುದು. ಮುಂದಿನ 30 ದಿನಕ್ಕೂ ಅದರ ಮೇಲೆ ಒಂದು ವಾರದ ಕಾಯ್ದಿಟ್ಟ ದಾಸ್ತಾನಿಗೂ ಸಾಕಾಗುವಷ್ಟು ತರಿಸುವುದು. ಲೆಕ್ಕ ಹೀಗೆ:

ತರಬೇಕಾದದ್ದು = (ದಿನಕ್ಕೆ ಎಷ್ಟು × 37) − ಕೈಯಲ್ಲಿರುವುದು

ರಕ್ತದ ಮಾತ್ರೆ ಒಂಬತ್ತು ಉಳಿದಿದ್ದರೆ 37ರಲ್ಲಿ 9 ಕಳೆದು 28, ಎಂದರೆ 14ರ ಎರಡು ಸ್ಟ್ರಿಪ್ಪು. ಸಕ್ಕರೆ ಮಾತ್ರೆ ದಿನಕ್ಕೆರಡರಂತೆ 74 ಬೇಕು, 11 ಉಳಿದಿದೆ, 63 ತರಬೇಕು. 10ರ ಏಳು ಸ್ಟ್ರಿಪ್ಪು ತಂದರೆ ಏಳು ಹೆಚ್ಚಾಗುತ್ತದೆ. ಆ ಹೆಚ್ಚು ಮುಂದಿನ ತಿಂಗಳ ಎಣಿಕೆಯಲ್ಲಿ ತಾನಾಗಿ ಕಳೆದುಹೋಗುತ್ತದೆ. ಒಂದು ವಾರದ ದಾಸ್ತಾನು ಇರುವುದರಿಂದ ಸ್ಟ್ರಿಪ್ಪು 10ರದ್ದೋ 14ರದ್ದೋ ಎಂಬ ಚಿಂತೆಯಿಲ್ಲ, ಅಂಗಡಿಯಲ್ಲಿ ಎರಡು ದಿನ ಸ್ಟಾಕ್ ಇಲ್ಲದಿದ್ದರೂ ನಡೆಯುತ್ತದೆ. ಇನ್ನು ಉಳಿದದ್ದು ಮಕ್ಕಳಿಗೆ ಒಂದು ಸಂದೇಶ: ಎಲ್ಲ ಮಾತ್ರೆಯೂ ಇಂಥ ತಾರೀಖಿನವರೆಗೆ ಇದೆ, ಜೊತೆಗೆ ಎಣಿಸಿಟ್ಟ ಫೋಟೊ. ಇದನ್ನು ಕಳುಹಿಸಲು ಹಿರಿಯರ ಒಪ್ಪಿಗೆ ಮೊದಲೇ ಪಡೆದಿರಬೇಕು. ಅವರ ಕಾಯಿಲೆಯ ವಿವರ ಅವರದು.

ಮಾಡಬಾರದ್ದನ್ನು ಇಲ್ಲಿ ಸ್ಪಷ್ಟವಾಗಿ ತಿಳಿದಿರಬೇಕು. ಔಷಧಿ ಮಾರಲು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಲೈಸೆನ್ಸು ಬೇಕು, ಅಂಗಡಿಯಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಇರಬೇಕು. ನೀವು ಮಾತ್ರೆ ಕೊಂಡಿಟ್ಟು ಮಾರುವಂತಿಲ್ಲ. ಬಿಲ್ಲು ಲೈಸೆನ್ಸ್ ಇರುವ ಅಂಗಡಿಯಿಂದ ರೋಗಿಯ ಹೆಸರಿಗೆ ಆಗಬೇಕು, ಚೀಟಿ ಬೇಕಾದ ಔಷಧಿಗೆ ಚೀಟಿ ತೋರಿಸಲೇಬೇಕು. ನೀವು ದುಡ್ಡು ತೆಗೆದುಕೊಳ್ಳುವುದು ಎಣಿಕೆಗೆ, ನೆನಪಿಗೆ, ಸಂದೇಶಕ್ಕೆ. ಸ್ಟ್ರಿಪ್ಪಿನಿಂದ ಮಾತ್ರೆ ಬಿಡಿಸಿ ಪೊಟ್ಟಣ ಕಟ್ಟುವುದೂ ಬೇಡ. ಕೆಲವು ಮಾತ್ರೆ ಗಾಳಿಯ ತೇವಕ್ಕೆ ಕೆಡುತ್ತವೆ, ಅವಧಿ ಮುಗಿಯುವ ತಾರೀಖು ಸ್ಟ್ರಿಪ್ಪಿನ ಮೇಲೆ ಉಳಿದುಹೋಗುತ್ತದೆ.

ಹೊರದೇಶದ ಮಾದರಿ ನಕಲು ಮಾಡುವ ಆಸೆ ಬರುವುದು ಇಲ್ಲಿಯೇ. ಅಮೆರಿಕದಲ್ಲಿ 2013ರಲ್ಲಿ ಶುರುವಾದ ಪಿಲ್‌ಪ್ಯಾಕ್ ಎಂಬ ಕಂಪನಿ ಒಂದೊಂದು ಹೊತ್ತಿನ ಮಾತ್ರೆಗಳನ್ನು ಒಂದೊಂದು ಪೊಟ್ಟಣದಲ್ಲಿ ಹಾಕಿ ಮನೆಗೆ ಕಳುಹಿಸಿತು, 2018ರಲ್ಲಿ ಅಮೆಜಾನ್ ಅದನ್ನು ಕೊಂಡಿತು. ಕಟ್ಟಿದವರಲ್ಲಿ ಒಬ್ಬರಾದ ಟಿ.ಜೆ. ಪಾರ್ಕರ್ ಸ್ವತಃ ಫಾರ್ಮಸಿಸ್ಟ್, ಅವರ ಮನೆಯವರದೇ ಔಷಧಿ ಅಂಗಡಿಯಿತ್ತು. ಅಲ್ಲಿ ಬಹುಪಾಲು ಮಾತ್ರೆಗಳನ್ನು ದೊಡ್ಡ ಬಾಟಲಿಯಿಂದ ಎಣಿಸಿ ಕೊಡುವುದೇ ರೂಢಿ, ಹೀಗಾಗಿ ಪೊಟ್ಟಣ ಕಟ್ಟುವುದು ಆ ರೂಢಿಯ ಮುಂದುವರಿಕೆ. ನಮ್ಮಲ್ಲಿ ಬರುವುದು ಸ್ಟ್ರಿಪ್ಪು. ಬೇಕಾದದ್ದು ಎರಡೂ ಕಡೆ ಹತ್ತಿರ ಹತ್ತಿರ ಒಂದೇ, ತೊಡಕಿನ ಕಾರಣ ಬೇರೆ, ಆದ್ದರಿಂದ ಪರಿಹಾರವೂ ಬೇರೆ.

ಆರನೆಯ ಹೆಜ್ಜೆ: ನಿಮಿಷದ ಲೆಕ್ಕ

ಆ ಒಂದು ತಿಂಗಳು ಪ್ರತಿ ಮನೆಗೆ ಎಷ್ಟು ನಿಮಿಷ ಹೋಯಿತೆಂದು ಗಡಿಯಾರ ನೋಡಿ ಬರೆಯಿರಿ. ಎಣಿಸಲು 15, ಅಂಗಡಿಗೆ ಹೇಳಿ ತರಲು 15, ಓಡಾಟಕ್ಕೆ 10, ಸಂದೇಶಕ್ಕೆ 5 ಎಂದು ಹಿಡಿದರೆ ಒಟ್ಟು 45 ನಿಮಿಷ. ಮನೆಗೆ ತಿಂಗಳಿಗೆ 200 ರೂಪಾಯಿ ಎಂದಾದರೆ 120 ಮನೆಗೆ 24,000 ರೂಪಾಯಿ, 90 ಗಂಟೆಯ ಕೆಲಸ, ಪೆಟ್ರೋಲು ಇದರೊಳಗೇ ಹೋಗಬೇಕು. ಈ ಅಂಕಿಗಳು ಲೆಕ್ಕ ತೋರಿಸಲು ಇಟ್ಟವು, ನಿಮ್ಮೂರಿನವು ಬೇರೆ ಇರುತ್ತವೆ. ಆದರೆ ಇದು ಹೇಳುವ ಒಂದು ಸಂಗತಿ ಎಲ್ಲ ಕಡೆಗೂ ನಿಜ: ಮನೆಗಳು ಹತ್ತಿರ ಹತ್ತಿರ ಇದ್ದರೆ ಮಾತ್ರ ಇದು ನಡೆಯುತ್ತದೆ. ಓಡಾಟ 10 ನಿಮಿಷದಿಂದ 30ಕ್ಕೆ ಏರಿದರೆ ಅದೇ 24,000ಕ್ಕೆ 130 ಗಂಟೆ ಬೇಕು. ಒಂದೇ ಬಡಾವಣೆಯಲ್ಲಿ ಹಿಡಿಯಬೇಕು, ಮನೆಗಳನ್ನು ತಿಂಗಳ ಬೇರೆ ಬೇರೆ ದಿನಗಳಿಗೆ ಹಂಚಬೇಕು.

‘ಅಂಗಡಿಯವರಿಂದ ಕಮಿಷನ್ ತೆಗೆದುಕೊಂಡರೆ ಮನೆಯವರಿಂದ ಏನೂ ಕೇಳಬೇಕಿಲ್ಲವಲ್ಲ’ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ಬೆಲೆ ನಿಯಂತ್ರಣದಲ್ಲಿರುವ ಔಷಧಿಗಳ ಗರಿಷ್ಠ ಬೆಲೆ ನಿಗದಿ ಮಾಡುವಾಗ ಕೇಂದ್ರ ಸರ್ಕಾರದ 2013ರ ಬೆಲೆ ನಿಯಂತ್ರಣ ಆದೇಶ ಚಿಲ್ಲರೆ ಅಂಗಡಿಗೆಂದು ಸೇರಿಸುವುದು ಶೇ. 16. ಅದರಲ್ಲೇ ಅಂಗಡಿಯವರು ಗಿರಾಕಿಗೆ ರಿಯಾಯಿತಿಯನ್ನೂ ಕೊಡುತ್ತಿದ್ದರೆ ನಿಮಗೆ ಉಳಿಯುವುದು ಅಷ್ಟಕ್ಕಷ್ಟೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಕಮಿಷನ್ ತೆಗೆದುಕೊಂಡವರಿಗೆ ಬಿಲ್ಲು ಹೆಚ್ಚಾಗುವುದರಲ್ಲಿ ಲಾಭ. ಆ ಮನೆಯವರು ಜನೌಷಧಿ ಕೇಂದ್ರದ ಅಗ್ಗದ ಮಾತ್ರೆಗೆ ಹೋಗುತ್ತೇವೆ ಎಂದರೆ ನಿಮಗೆ ನಷ್ಟ. ಎಣಿಸುವವರ ಮೇಲೆ ನಂಬಿಕೆ ಇರುವುದೇ ಈ ಕೆಲಸದ ಬಂಡವಾಳವಾದ್ದರಿಂದ ದುಡ್ಡು ಮನೆಯವರಿಂದಲೇ ಬರಲಿ.

ಮೊದಲ ತಿಂಗಳು ಮುಗಿದಾಗ ಕೇಳಬೇಕಾದದ್ದು ‘ಹೇಗಿತ್ತು’ ಎಂದಲ್ಲ. ನೀವು ಬೇರೇನೂ ಹೇಳದೆ ಎರಡನೆಯ ತಿಂಗಳ ದಿನಕ್ಕೆ ಮೂರು ದಿನ ಮೊದಲು ಹಣದ ನೆನಪಿನ ಸಂದೇಶವೊಂದನ್ನು ಮಕ್ಕಳಿಗೆ ಕಳುಹಿಸಿ. ಐದರಲ್ಲಿ ನಾಲ್ಕು ಮನೆಯವರು ತಾವಾಗಿ ಕೊಟ್ಟರೆ ಅದೇ ಬಡಾವಣೆಯಲ್ಲಿ ಇನ್ನೈದು ಮನೆ ಹಿಡಿಯಿರಿ. ಇಬ್ಬರು ಮೂವರು ಕೊಟ್ಟರೆ, ಕೊಡದವರ ಮನೆಯಲ್ಲಿ ಏನು ಬೇರೆಯಿತ್ತು ಎಂದು ಹೋಗಿ ನೋಡಿ: ಮಾತ್ರೆಯ ಬಗೆ ಕಡಿಮೆಯೇ, ಮಗ ಹತ್ತಿರವಿದ್ದಾನೆಯೇ, ಅಥವಾ ನಿಮ್ಮ ಎಣಿಕೆಯ ಹಾಳೆ ನೋಡಿ ‘ಇದನ್ನು ನಾವೇ ಮಾಡಬಹುದು’ ಎಂದು ಕಲಿತುಬಿಟ್ಟರೇ? ಕೊನೆಯದಾದರೆ ಬೇಕಾದದ್ದು ಸೇವೆಯಲ್ಲ, ಆ ಹಾಳೆ. ಅದನ್ನು ಅಚ್ಚು ಹಾಕಿಸಿ ಮೆಡಿಕಲ್ ಶಾಪಿನವರಿಗೆ ಅವರ ಹೆಸರಿನಲ್ಲಿ ಮಾರುವ ಬೇರೆಯೇ ವ್ಯಾಪಾರವನ್ನು ಐದು ಅಂಗಡಿಗಳಲ್ಲಿ ಪರೀಕ್ಷಿಸಬಹುದು. ಯಾರೂ ಕೊಡದಿದ್ದರೆ ಅವರವರ ಹಾಳೆಯನ್ನು ಅವರಿಗೇ ಕೊಟ್ಟು, 37ರ ಲೆಕ್ಕವನ್ನು ಮನೆಯವರೊಬ್ಬರಿಗೆ ಕಲಿಸಿ, ಪುಸ್ತಕದ ಮುಂದಿನ ಸಾಲಿಗೆ ಹೋಗಿ.